ಪೆಟ್ ಸ್ಕ್ಯಾನ್‌ಗೆ ಮುಂಚೆ "ಇನ್ಸುಲಿನ್ ಹಾಕಿ ಸರಿ ಮಾಡ್ತೀವಿ" ಅಂದ್ರೆ ಒಪ್ಪಬೇಡಿ

ಮನೇಲಿ ಶುಗರ್ ಇರೋರಿಗೆ ಪೆಟ್ ಸ್ಕ್ಯಾನ್ ಬರೆದಿದ್ದರೆ ದಯವಿಟ್ಟು ಪೂರ್ತಿ ಓದಿ. ಚಿಕ್ಕಪ್ಪನ ಶ್ವಾಸಕೋಶದ ಗಡ್ಡೆ ಬೇರೆ ಕಡೆ ಹರಡಿದೆಯಾ ಅಂತ ನೋಡಬೇಕಿತ್ತು. ದುಡ್ಡು ಹೋಯ್ತು, ಉತ್ತರ ಸಿಗಲಿಲ್ಲ.

ಸೆಂಟರ್‌ನವರು ಫೋನಲ್ಲಿ ಹೇಳಿದ್ದು "ಖಾಲಿ ಹೊಟ್ಟೇಲಿ ಬನ್ನಿ" ಅಂತ ಅಷ್ಟೇ. ಶುಗರ್ ಇದೆಯಾ, ಇನ್ಸುಲಿನ್ ತಗೋತಾರಾ, ಒಂದನ್ನೂ ಕೇಳಲಿಲ್ಲ. ಬೆಳಿಗ್ಗೆ ಬೆರಳು ಚುಚ್ಚಿದರೆ 246. ಸಾಮಾನ್ಯವಾಗಿ 200ರ ಒಳಗಿದ್ದರೆ ಮಾತ್ರ ಮುಂದುವರಿಯೋದು. ಇವರು ಅಲ್ಲೇ ಇನ್ಸುಲಿನ್ ಚುಚ್ಚಿದರು. ಒಂದು ಗಂಟೆ ಬಿಟ್ಟು "190ಕ್ಕೆ ಬಂತು ನೋಡಿ ಸಾರ್, ಇನ್ನೇನೂ ತೊಂದರೆ ಇಲ್ಲ" ಅಂತ ಎಫ್‌ಡಿಜಿ ಕೊಟ್ಟೇಬಿಟ್ಟರು.

ತೊಂದರೆ ಇದ್ದದ್ದೇ ಅಲ್ಲಿ. ಎಫ್‌ಡಿಜಿ ಅಂದ್ರೆ ವಿಕಿರಣದ ಗುರುತು ಹಚ್ಚಿದ ಗ್ಲೂಕೋಸ್ ಥರದ ವಸ್ತು. ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳೋ ಗಡ್ಡೆಯೊಳಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತೆ, ಅಲ್ಲಿ ಹೊಳೆಯುತ್ತೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಅದೇ ಬಾಗಿಲಿಗೆ ಪೈಪೋಟಿ, ಗಡ್ಡೆ ಮಂಕಾಗುತ್ತೆ. ಇನ್ಸುಲಿನ್ ಹಾಕಿದರೆ ಮೀಟರ್‌ನಲ್ಲಿ ಅಂಕಿ ಇಳಿಯುತ್ತೆ ನಿಜ, ಆದರೆ ಆ ಸಕ್ಕರೆ ಹೋಗೋದು ಮಾಂಸಖಂಡಕ್ಕೆ. ಹಿಂದೆಯೇ ಎಫ್‌ಡಿಜಿಯೂ ಅಲ್ಲಿಗೇ ಹೋಗುತ್ತೆ. ಊಟ ಮಾಡಿ ಬಂದರೂ ಇದೇ ಗತಿ, ಯಾಕಂದ್ರೆ ಆಗ ದೇಹವೇ ಇನ್ಸುಲಿನ್ ಬಿಡುತ್ತೆ. ಬೇಗ ಕೆಲಸ ಮಾಡೋ ಇನ್ಸುಲಿನ್ ಆದರೂ ಚರ್ಮದಡಿ ಹಾಕಿದ ಮೇಲೆ ಕನಿಷ್ಠ 4 ಗಂಟೆ ಕಾಯಬೇಕು.

ಅದು ಸಾಲದು ಅಂತ ಕಾರಿಡಾರ್‌ನಲ್ಲಿ ಎಸಿ ಕೆಳಗೆ ಕೂರಿಸಿದರು. ಇಂಜೆಕ್ಷನ್ ಆದ ಮೇಲಿನ ಸುಮಾರು ಒಂದು ಗಂಟೆ ಬೆಚ್ಚಗೆ, ಸುಮ್ಮನೆ ಮಲಗಿರಬೇಕು. ಮಾತಾಡಿದರೆ ಗಂಟಲ ಸ್ನಾಯು ಹೊಳೆಯುತ್ತೆ, ಏನಾದರೂ ಅಗಿದರೆ ದವಡೆ. ಚಳಿಯಾದರೆ ಕತ್ತು, ಭುಜದ ಹತ್ತಿರ ಶಾಖ ಹುಟ್ಟಿಸೋ ಕೊಬ್ಬು ಹೊಳೆದು ಗಂಟಿನ ಹಾಗೆ ಕಾಣಬಹುದು. ಚಿಕ್ಕಪ್ಪ ಫೋನಲ್ಲಿ ಮಾತಾಡ್ತಾನೇ ಇದ್ದರು, ಒಬ್ಬರೂ ಬೇಡ ಅನ್ನಲಿಲ್ಲ.

ಫಿಲ್ಮ್ ನೋಡಿದಾಗ ಹೊಟ್ಟೆ ಉರಿದುಹೋಯ್ತು. ಔಷಧಿ ಹೀರಿದ ಜಾಗ ಆ ಫಿಲ್ಮ್‌ನಲ್ಲಿ ಕಪ್ಪಗೆ ಕಾಣುತ್ತೆ. ತೊಡೆ, ಭುಜ, ಎದೆಯ ಸ್ನಾಯು ಎಲ್ಲಾ ಕಪ್ಪಗೆ, ಲಿವರ್ ಪೇಲವ. ವರದಿಯ ಕೊನೇ ಸಾಲು: ಸ್ನಾಯುಗಳು ಔಷಧಿ ಹೀರಿರುವುದರಿಂದ ಸಣ್ಣ ಗಂಟುಗಳ ಬಗ್ಗೆ ಖಚಿತವಾಗಿ ಹೇಳಲಾಗದು, ಮತ್ತೆ ಸ್ಕ್ಯಾನ್ ಮಾಡಿಸಿ. ಕೇಳಿದ್ದಕ್ಕೆ "ಡೋಸ್ ಬಂದಾಗಿತ್ತು ಸಾರ್, ವೇಸ್ಟ್ ಆಗ್ತಿತ್ತು" ಅಂದರು. ಹೌದು, ಅದರ ವಿಕಿರಣ 110 ನಿಮಿಷಕ್ಕೆ ಅರ್ಧ ಆಗಿಬಿಡುತ್ತೆ, ಗೊತ್ತು. ಆದರೆ ವೇಸ್ಟ್ ಆಗಿದ್ದು ಯಾರದ್ದು? ಮರುಸ್ಕ್ಯಾನ್‌ಗೆ "ಫುಲ್ ಚಾರ್ಜೇ ಆಗುತ್ತೆ, ವರದಿ ಕೊಟ್ಟಿದ್ದೀವಲ್ಲ" ಅಂತ ಬೇರೆ.

ಬುಕ್ ಮಾಡುವಾಗಲೇ ಶುಗರ್ ಇದೆ ಅಂತ ನೀವೇ ಹೇಳಿ. ಇನ್ಸುಲಿನ್ ತಗೊಳ್ಳೋರಾದರೆ ಮಧ್ಯಾಹ್ನದ ಸಮಯ ಕೇಳಿ, ಬೆಳಿಗ್ಗೆ ಬೇಗ ತಿಂಡಿ, ಇನ್ಸುಲಿನ್ ಮುಗಿಸಿ 4 ಗಂಟೆಗೂ ಹೆಚ್ಚು ಬಿಡುವು ಸಿಗುತ್ತೆ. ಮಾತ್ರೆ ನೀವಾಗೇ ನಿಲ್ಲಿಸಬೇಡಿ, ಡಾಕ್ಟರನ್ನ ಕೇಳಿ. ನೀರು ಕುಡೀಬಹುದು, ಸಕ್ಕರೆ ಹಾಕಿದ ಕಾಫಿ ಬೇಡ. ಹಿಂದಿನ ದಿನ ಜಿಮ್, ಭಾರ ಎತ್ತೋದು ಬೇಡ. 200 ದಾಟಿದ್ದು, ಇನ್ಸುಲಿನ್ ಕೊಟ್ಟು ತಕ್ಷಣ ಮಾಡ್ತೀವಿ ಅಂದ್ರೆ, ಬೇರೆ ದಿನ ಕೊಡಿ ಅಂತ ಹೇಳಿ ಎದ್ದು ಬನ್ನಿ.