ಮಾರಿ ಬಿಸ್ಕೆಟ್ಟೋ, ಡೈಜೆಸ್ಟಿವ್ ಬಿಸ್ಕೆಟ್ಟೋ?

ಸಕ್ಕರೆ, ಉಪ್ಪು ಎರಡನ್ನೂ ಕಡಿಮೆ ಮಾಡಬೇಕು. ಅಂಗಡಿಯಲ್ಲಿ ಈ ಎರಡು ಪ್ಯಾಕೆಟ್ ಕೈಯಲ್ಲಿವೆ. ಮುಂದಿನ ಗೋಧಿ ತೆನೆಯ ಚಿತ್ರ ಬಿಡಿ, ಹಿಂದೆ ತಿರುಗಿಸಿ.

ಒಂದು ಉದಾಹರಣೆ ನೋಡೋಣ. 100 ಗ್ರಾಂಗೆ ಮಾರಿಯಲ್ಲಿ ಸೇರಿಸಿದ ಸಕ್ಕರೆ 20 ಗ್ರಾಂ, ಸೋಡಿಯಂ 300 ಮಿಲಿಗ್ರಾಂ. ಡೈಜೆಸ್ಟಿವ್‌ನಲ್ಲಿ ಸಕ್ಕರೆ 15 ಗ್ರಾಂ, ಸೋಡಿಯಂ 600 ಮಿಲಿಗ್ರಾಂ ಅಂದುಕೊಳ್ಳಿ. ಸಕ್ಕರೆಯಲ್ಲಿ ಡೈಜೆಸ್ಟಿವ್ ಗೆದ್ದಂತೆ ಕಾಣುತ್ತದೆ, ಅಲ್ವಾ?

ಆದರೆ ನಾವು ಬಿಸ್ಕೆಟ್ ತಿನ್ನುವುದು ಎಣಿಸಿ, ತೂಗಿ ಅಲ್ಲ. ಮಾರಿ ಒಂದು ಸುಮಾರು 5.5 ಗ್ರಾಂ, ಡೈಜೆಸ್ಟಿವ್ ಸುಮಾರು 12 ಗ್ರಾಂ ಇದ್ದರೆ, ಚಹಾ ಜೊತೆ ನಾಲ್ಕು ಮಾರಿ ತಿಂದಾಗ ಸಕ್ಕರೆ 4.4 ಗ್ರಾಂ, ಸೋಡಿಯಂ 66 ಮಿಲಿಗ್ರಾಂ. ನಾಲ್ಕು ಡೈಜೆಸ್ಟಿವ್‌ಗೆ 7.2 ಗ್ರಾಂ ಮತ್ತು 288 ಮಿಲಿಗ್ರಾಂ. ಲೆಕ್ಕ ತಲೆಕೆಳಗಾಯಿತು! ಸೋಡಿಯಂ ಅನ್ನು 2.5ರಿಂದ ಗುಣಿಸಿದರೆ ಉಪ್ಪು ಸಿಗುತ್ತದೆ: 288 ಅಂದರೆ ಸುಮಾರು 0.7 ಗ್ರಾಂ. ದಿನಕ್ಕೆ 5 ಗ್ರಾಂ ಒಳಗೆ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆಮೇಲೆ ಪದಾರ್ಥಗಳ ಪಟ್ಟಿ. ಜಾಸ್ತಿ ತೂಕದ್ದು ಮೊದಲು ಬರುತ್ತದೆ. ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಬೇರೆ ಬೇರೆಯಾಗಿ ಬರೆದಾಗ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ; ಎಲ್ಲವೂ ಸಕ್ಕರೆಯೇ, ಸೇರಿಸಿ ಓದಿ. ಬಿಸ್ಕೆಟ್ ಉಬ್ಬಲು ಹಾಕುವ, ಪಟ್ಟಿಯಲ್ಲಿ INS 500 ಎಂದು ಕಾಣುವ ಅಡುಗೆ ಸೋಡಾದಿಂದಲೂ ಸೋಡಿಯಂ ಬರುತ್ತದೆ. ನಾಲಿಗೆಗೆ ಉಪ್ಪು ಅನ್ನಿಸುವುದೇ ಇಲ್ಲ.

ನಾನಾದರೆ ಮಾರಿ ತಗೊಳ್ಳುತ್ತೇನೆ. ನಾರಿನಂಶಕ್ಕೇ ಡೈಜೆಸ್ಟಿವ್ ಬೇಕೆಂದರೆ ಎರಡಕ್ಕೆ ನಿಲ್ಲಿಸಿ.