ಸಾಸೇಜ್ ಸಿಪ್ಪೆ ಒಡೆಯದಂತೆ: ಬಾಣಲೆಯೋ, ಓವನ್ನೋ, ಬಿಸಿನೀರೋ?

ಮೈಸೂರಿನ ಅಂಗಡಿಗಳ ಫ್ರೀಜರಿನಲ್ಲಿ ಸಿಗುವ ಹಾಟ್ ಡಾಗ್ ಸಾಮಾನ್ಯವಾಗಿ ಮೊದಲೇ ಬೆಂದದ್ದು. ಪ್ಯಾಕೆಟ್ ಓದಿ ಖಚಿತಪಡಿಸಿಕೊಳ್ಳಿ. ಅದಕ್ಕೆ ಬಿಸಿನೀರೇ ಸಾಕು. ನೀರು ಕುದಿ ಬಂದ ಮೇಲೆ ಉರಿ ತಗ್ಗಿಸಿ, 5-6 ನಿಮಿಷ ಬಿಡಿ. ಕೊತಕೊತ ಕುದಿಸಿದರೆ ಒಳಗಿನ ಆವಿಗೆ ಸಿಪ್ಪೆ ಸೀಳುತ್ತದೆ.

ಹಸಿ ಸಾಸೇಜಿಗೆ ಮಾತ್ರ ಬಾಣಲೆಯೇ ಮೇಲು. ಫ್ರಿಜ್ಜಿನಲ್ಲಿಟ್ಟು ಪೂರ್ತಿ ಕರಗಿಸಿ. ಬಾಣಲೆಗೆ ಅರ್ಧ ಲೋಟ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು 10 ನಿಮಿಷ ಬೇಯಿಸಿ. ಮಧ್ಯೆ ಒಮ್ಮೆ ತಿರುವಿ. ಆಮೇಲೆ ಮುಚ್ಚಳ ತೆಗೆದು, ನೀರು ಇಂಗಿದ ಮೇಲೆ ಚಮಚ ಎಣ್ಣೆ ಬಿಟ್ಟು ಕೆಂಪಗೆ ಹುರಿಯಿರಿ. ಮೊದಲೇ ಜೋರು ಉರಿಗೆ ಇಟ್ಟರೆ ಸಿಪ್ಪೆ ಬಿರಿಯುತ್ತದೆ, ನಡುಭಾಗ ಹಸಿಯಾಗೇ ಉಳಿಯುತ್ತದೆ. ಫೋರ್ಕಿನಿಂದ ಚುಚ್ಚಲೂಬೇಡಿ, ರಸವೆಲ್ಲ ಸೋರಿಹೋಗುತ್ತದೆ.

ಮನೆ ತುಂಬ ನೆಂಟರಿದ್ದರೆ ಓವನ್: 180 ಡಿಗ್ರಿ, ಸುಮಾರು 25 ನಿಮಿಷ.

ಒಳಗಿನ ಬಣ್ಣ ನಂಬಬೇಡಿ. ಥರ್ಮಾಮೀಟರ್ ಕೋಳಿಯದಕ್ಕೆ 74, ಹಂದಿಯದಕ್ಕೆ 71 ಡಿಗ್ರಿ ತೋರಿಸಬೇಕು.