640 ಕಿ.ಮೀ. ದಾರಿ, ಮೂರು ಚಾರ್ಜಿಂಗ್ ಪ್ಲಾನ್: ಓಡಿಸಿ ನೋಡಿದ ಲೆಕ್ಕ

ಎಲೆಕ್ಟ್ರಿಕ್ ಕಾರಿನಲ್ಲಿ ದೂರ ಹೊರಟಾಗ ಎಲ್ಲೆಲ್ಲಿ ನಿಲ್ಲಿಸಿ ಚಾರ್ಜ್ ಮಾಡಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬ್ಯಾಟರಿ ಎಳೆಯುವಷ್ಟು ದೂರ ಹೋಗಿ ಒಂದೇ ಸಲ ತುಂಬಿಸಿಬಿಡಿ ಅನ್ನುವವರು ಒಂದು ಕಡೆ. ಸ್ವಲ್ಪ ಸ್ವಲ್ಪ ತುಂಬಿಸುತ್ತಾ ಬೇಗ ಬೇಗ ಹೊರಡಿ ಅನ್ನುವವರು ಇನ್ನೊಂದು ಕಡೆ. ಇದರ ನಡುವೆ ಮೂರನೆಯ ಲೆಕ್ಕವೊಂದಿದೆ. ಒಂದೇ ಕಾರು, ಒಂದೇ ಹೆದ್ದಾರಿ ಇಟ್ಟುಕೊಂಡು ಮೂರನ್ನೂ ಓಡಿಸಿ ನೋಡಿದ್ದೇನೆ.

ಕಾರಿನ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು 60 ಯೂನಿಟ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಮತಟ್ಟು ರಸ್ತೆಯಲ್ಲಿ ಹೋದರೆ ನೂರು ಕಿಲೋಮೀಟರಿಗೆ 16 ಯೂನಿಟ್ ತಿನ್ನುತ್ತದೆ. ಅಂದರೆ ಒಂದು ಪರ್ಸೆಂಟ್ ಚಾರ್ಜಿಗೆ ಮೂರೂಮುಕ್ಕಾಲು ಕಿಲೋಮೀಟರ್. ಪ್ಲಾನ್ ಮಾಡುವಾಗ ನನಗೆ ಬೇಕಾಗುವುದು ಈ ಒಂದೇ ಸಂಖ್ಯೆ. ಡ್ಯಾಶ್‌ಬೋರ್ಡ್ ತೋರಿಸುವ 'ಉಳಿದ ಕಿಲೋಮೀಟರ್' ಹಿಂದಿನ ಓಡಾಟದ ಸರಾಸರಿಯನ್ನೂ ಸೇರಿಸಿಕೊಂಡು ಹೇಳುವ ಅಂದಾಜು, ಅದನ್ನು ನಂಬಿ ನಾನು ಸ್ಟೇಷನ್ ಆರಿಸುವುದಿಲ್ಲ. ದಾರಿಯಲ್ಲಿ ಫಾಸ್ಟ್ ಚಾರ್ಜರ್ ಇರುವುದು 110, 180, 260, 320, 430 ಮತ್ತು 500ನೇ ಕಿಲೋಮೀಟರಿನಲ್ಲಿ. ಮನೆಯಿಂದ ಹೊರಡುವುದು 100 ಪರ್ಸೆಂಟಿನಲ್ಲಿ, ಊರು ಮುಟ್ಟಿದಾಗ 10 ಉಳಿದಿರಬೇಕು.

ಮೊದಲನೆಯ ಪ್ಲಾನ್ ಸರಳ. 320ರವರೆಗೆ ನಿಲ್ಲದೆ ಹೋಗುವುದು. 85 ಪರ್ಸೆಂಟ್ ಖರ್ಚಾಗಿ 15 ಉಳಿಯುತ್ತದೆ. ಮುಂದಿನ 320 ಕಿ.ಮೀ.ಗೂ ಮತ್ತೆ 85 ಬೇಕು, ಕೊನೆಗೆ ಉಳಿಸುವ 10 ಸೇರಿಸಿದರೆ 95ರವರೆಗೆ ತುಂಬಿಸಬೇಕು. ಒಂದೇ ನಿಲುಗಡೆ, ಊಟವೂ ಆಯಿತು ಅನ್ನಿಸುತ್ತದೆ. ಆದರೆ ಮೆಷಿನ್ ಮುಂದೆ ನಿಂತು ನೋಡಿದರೆ ಕಥೆ ಬೇರೆ. 15ರಿಂದ 50ಕ್ಕೆ ಹದಿಮೂರು ನಿಮಿಷದ ಒಳಗೆ ಏರುತ್ತದೆ, ಪರದೆಯ ಮೇಲೆ 100 ಕಿಲೋವ್ಯಾಟ್ ಆಸುಪಾಸು. 50ರಿಂದ 80ಕ್ಕೆ ಹದಿನೇಳು ನಿಮಿಷ. 80 ದಾಟಿದ್ದೇ ತಡ, ಸಂಖ್ಯೆ ಇಳಿಯುತ್ತಾ ಇಪ್ಪತ್ತರ ಹತ್ತಿರ ಬಂದು ನಿಲ್ಲುತ್ತದೆ. 80ರಿಂದ 95ಕ್ಕೇ ಇಪ್ಪತ್ತೈದು ನಿಮಿಷ. ಸೆಲ್‌ಗಳ ವೋಲ್ಟೇಜ್ ಮೇಲಿನ ಮಿತಿಗೆ ಹತ್ತಿರವಾದಂತೆ ಕಾರೇ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತದೆ. ಮೆಷಿನ್ ಎಷ್ಟೇ ದೊಡ್ಡದಿರಲಿ, ಆ ಹಂತದಲ್ಲಿ ಅದರಿಂದ ಉಪಯೋಗವಿಲ್ಲ. ಒಟ್ಟು 55 ನಿಮಿಷ. ಹೆದ್ದಾರಿಯಿಂದ ಇಳಿದು, ಗನ್ ಚುಚ್ಚಿ, ಆ್ಯಪ್‌ನಲ್ಲಿ ಶುರು ಮಾಡಿ, ಮತ್ತೆ ಹೆದ್ದಾರಿಗೆ ಬರಲು ಇನ್ನೈದು. ಒಂದು ಗಂಟೆ.

ಎರಡನೆಯದರಲ್ಲಿ ಆ ನಿಧಾನದ ಭಾಗವನ್ನು ಮುಟ್ಟುವುದೇ ಇಲ್ಲ. 320ರಲ್ಲಿ 15ರಿಂದ 58ಕ್ಕೆ ಮಾತ್ರ ತುಂಬಿಸಿ, 180 ಕಿ.ಮೀ. ಓಡಿ, 500ಕ್ಕೆ ಸರಿಯಾಗಿ 10 ಪರ್ಸೆಂಟಿನಲ್ಲಿ ಬಂದು, ಅಲ್ಲಿ 47ರವರೆಗೆ ತುಂಬಿಸಿ ಊರಿಗೆ. ಮೊದಲ ಕಡೆ 17 ನಿಮಿಷ, ಎರಡನೇ ಕಡೆ 13. ಎರಡು ಸಲ ಇಳಿದು ಹತ್ತುವ ಹತ್ತು ನಿಮಿಷ ಸೇರಿಸಿದರೂ 40. ವಿಚಿತ್ರವೆಂದರೆ ಎರಡೂ ಪ್ಲಾನ್‌ಗಳಲ್ಲಿ ದಾರಿಯಲ್ಲಿ ತುಂಬಿಸಿದ್ದು ಅಷ್ಟೇ, ಒಟ್ಟು 80 ಪರ್ಸೆಂಟ್, 48 ಯೂನಿಟ್. ಬ್ಯಾಟರಿಯ ಯಾವ ಭಾಗದಲ್ಲಿ ತುಂಬಿಸಿದೆವು ಅನ್ನುವುದಕ್ಕೇ ಇಪ್ಪತ್ತು ನಿಮಿಷದ ವ್ಯತ್ಯಾಸ. ಹಾಗಂತ ನಿಲುಗಡೆ ಹೆಚ್ಚಿಸುತ್ತಾ ಹೋದರೆ ಸಮಯ ಉಳಿಯುತ್ತಲೇ ಇರುವುದಿಲ್ಲ. 180ರಲ್ಲಿ ನಿಂತರೆ ಬ್ಯಾಟರಿ ಇನ್ನೂ 52ರಲ್ಲಿರುತ್ತದೆ, ವೇಗದ ಭಾಗ ಆಗಲೇ ಮುಗಿದಿರುತ್ತದೆ, ಜೊತೆಗೆ ಐದು ನಿಮಿಷ ದಂಡ.

ಕಾಗದದ ಮೇಲೆ ಎರಡನೆಯದೇ ಗೆದ್ದಿತು. ಪ್ಲಾನರ್ ಆ್ಯಪ್‌ಗೂ ಬೇಗ ತಲುಪುವುದೇ ಗುರಿ ಎಂದು ಹೇಳಿದಾಗ ಕೊಟ್ಟಿದ್ದು ಇದನ್ನೇ. ಆದರೆ ಇದರ ಜೀವ ಇರುವುದು ಎರಡು ಸ್ಟೇಷನ್‌ಗಳ ಕೈಯಲ್ಲಿ. ಒಮ್ಮೆ 320ಕ್ಕೆ ಹೋದಾಗ ಎರಡು ಮೆಷಿನ್‌ಗಳಲ್ಲಿ ಒಂದರ ಪರದೆ ಪೂರ್ತಿ ಕಪ್ಪು. ಇನ್ನೊಂದರ ಮುಂದೆ ಆಗಲೇ ಒಂದು ಕಾರು ಚಾರ್ಜ್ ಆಗುತ್ತಿತ್ತು, ಮತ್ತೊಂದು ಕಾಯುತ್ತಿತ್ತು. 15 ಪರ್ಸೆಂಟ್ ಅಂದರೆ 56 ಕಿ.ಮೀ. ಮುಂದಿನ ಚಾರ್ಜರ್ 110 ಕಿ.ಮೀ. ದೂರ, ಹಿಂದಿನದು 60. ಕಾಯದೆ ಬೇರೆ ದಾರಿಯೇ ಇರಲಿಲ್ಲ, ಉಳಿಸಿದ ಇಪ್ಪತ್ತು ನಿಮಿಷ ಅಲ್ಲಿಗೇ ಹೋಯಿತು, ಮೇಲೆ ಬಡ್ಡಿ ಸಮೇತ.

ಮೂರನೆಯ ಲೆಕ್ಕದಲ್ಲಿ ನಿಯಮ ಒಂದೇ: ಯಾವ ಸ್ಟೇಷನ್‌ಗೆ ಹೋದರೂ, ಅದು ಕೈಕೊಟ್ಟರೆ ಅದರ ಮುಂದಿನದಕ್ಕೆ ತಲುಪುವಷ್ಟು ಚಾರ್ಜ್ ಇರಬೇಕು. ಆದ್ದರಿಂದ ಮೊದಲ ನಿಲುಗಡೆ 320 ಅಲ್ಲ, 260. ಅಲ್ಲಿ 31 ಪರ್ಸೆಂಟ್ ಇರುತ್ತದೆ, ಮೆಷಿನ್ ಸತ್ತಿದ್ದರೆ ಸುಮ್ಮನೆ 320ಕ್ಕೆ ಹೋಗಬಹುದು. 260ರಿಂದ ಹೊರಡುವಾಗ 74ಕ್ಕೆ ತುಂಬಿಸುತ್ತೇನೆ. ಮುಂದಿನ ನಿಲುಗಡೆ 430, ಆದರೆ ಲೆಕ್ಕ ಹಾಕಿದ್ದು 500ಕ್ಕೆ 10 ಉಳಿಯುವಂತೆ. 430ರಲ್ಲಿ 29ರಿಂದ 66ಕ್ಕೆ ತುಂಬಿಸಿದರೆ ಊರು. ಇಲ್ಲೂ ತುಂಬಿಸುವುದು ಅದೇ 80 ಪರ್ಸೆಂಟ್. 21 ಮತ್ತು 17 ನಿಮಿಷ, ಜೊತೆಗೆ ಹತ್ತು, ಒಟ್ಟು 48. ಎರಡನೆಯದಕ್ಕಿಂತ ಎಂಟು ನಿಮಿಷ ಜಾಸ್ತಿ, ಮೊದಲನೆಯದಕ್ಕಿಂತ ಹನ್ನೆರಡು ಕಡಿಮೆ. ಈ ಎಂಟು ನಿಮಿಷ ಕೊಡಲು ನನಗೇನೂ ಬೇಸರವಿಲ್ಲ.

ಮೆಷಿನ್ ಕೆಡದಿದ್ದರೂ ಈ ಎಂಟು ನಿಮಿಷ ಕೆಲಸಕ್ಕೆ ಬರುತ್ತದೆ, ಎದುರುಗಾಳಿಯ ದಿನ. ಕಾರಿಗೆ ಎದುರಾಗುವ ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ, ಹಾಗಾಗಿ ಸ್ಪೀಡೋಮೀಟರ್ 100 ತೋರಿಸುತ್ತಿದ್ದರೂ ಎದುರಿನಿಂದ ಬೀಸುವ ಗಾಳಿ ಸೇರಿ ಬ್ಯಾಟರಿ ಬೇಗ ಕರಗುತ್ತದೆ. ಇದನ್ನು 110ನೇ ಕಿಲೋಮೀಟರಿನಲ್ಲೇ ಕಂಡುಹಿಡಿಯಬಹುದು. ಅಲ್ಲಿ 71 ಇರಬೇಕು. 66 ತೋರಿಸಿದರೆ ಐದೇ ತಾನೇ ಎಂದು ಮುಂದೆ ಹೋಗಬೇಡಿ. 29 ಖರ್ಚಾಗಬೇಕಾದ ಕಡೆ 34 ಆಗಿದೆ, ಅಂದರೆ 17 ಪರ್ಸೆಂಟ್ ಹೆಚ್ಚು. ಇದೇ ದರದಲ್ಲಿ 320 ತಲುಪುವಾಗ ಬ್ಯಾಟರಿ ಸೊನ್ನೆ. 260ರಲ್ಲಾದರೆ 19 ಇರುತ್ತದೆ. ವೇಗವನ್ನು 85–90ಕ್ಕೆ ಇಳಿಸಿದರೆ ಇನ್ನೂ ಸ್ವಲ್ಪ ಉಳಿಯುತ್ತದೆ. ಘಾಟಿ ಇದ್ದರೆ ಅದನ್ನು ಮೊದಲೇ ಸೇರಿಸಿಕೊಳ್ಳಬೇಕು: ಎರಡು ಟನ್ ತೂಕದ ಕಾರು ಸಾವಿರ ಮೀಟರ್ ಏರಲು ಸುಮಾರು ಐದೂವರೆ ಯೂನಿಟ್, ಈ ಬ್ಯಾಟರಿಯಲ್ಲಿ ಒಂಬತ್ತು ಪರ್ಸೆಂಟ್, ಹೆಚ್ಚುವರಿಯಾಗಿ ಬೇಕು. ಇಳಿಯುವಾಗ ಒಂದಿಷ್ಟು ವಾಪಸ್ ಬರುತ್ತದೆ, ಆದರೆ ಸ್ಟೇಷನ್ ಇರುವುದು ಘಾಟಿಯ ತುದಿಯಲ್ಲಾದರೆ ಅದು ಉಪಯೋಗಕ್ಕೆ ಬಾರದು.

ಮೂರನೆಯ ಪ್ಲಾನ್ ಎಲ್ಲ ದಾರಿಗೂ ಒಗ್ಗುವುದಿಲ್ಲ. ಸ್ಟೇಷನ್‌ಗಳ ನಡುವೆ ಇನ್ನೂರು ಕಿ.ಮೀ. ಖಾಲಿ ಇದ್ದರೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ತಲುಪುವಷ್ಟು ಬ್ಯಾಟರಿಯೇ ಸಾಲದು; ಅಲ್ಲಿ ಆ ಖಾಲಿ ಭಾಗದ ಹಿಂದಿನ ಸ್ಟೇಷನ್‌ನಲ್ಲಿ 95ರವರೆಗೆ ಕೂತು ತುಂಬಿಸುವುದೇ ಸರಿ, ನಿಧಾನವಾದರೂ. ಇಂಥ ಕಡೆ ಒಂದೇ ಮೆಷಿನ್ ಇರುವ ಸ್ಟೇಷನ್‌ಗಿಂತ ನಾಲ್ಕು ಮೆಷಿನ್ ಇರುವ, ಮೂವತ್ತು ಕಿ.ಮೀ. ಮೊದಲೇ ಸಿಗುವ ಸ್ಟೇಷನ್ ನನಗೆ ಹೆಚ್ಚು ಇಷ್ಟ. ಪ್ಲಾನರ್ ಆ್ಯಪ್ ಬಳಸುವವರು 260 ಮತ್ತು 430ನ್ನು ಕೈಯಾರೆ ನಿಲುಗಡೆಯಾಗಿ ಸೇರಿಸಿ, ಸ್ಟೇಷನ್ ತಲುಪುವಾಗ ಇರಬೇಕಾದ ಕನಿಷ್ಠ ಚಾರ್ಜನ್ನು 10ರ ಬದಲು 25 ಎಂದು ಕೊಡಿ. ಕೊನೆಯ ಊರಿಗೆ ಮಾತ್ರ 10 ಇರಲಿ, ಅಲ್ಲಿ ರಾತ್ರಿ ಪ್ಲಗ್ ಸಿಗುವುದಾದರೆ.